ರೈಲಿನ ಗಡಿಯಾರ, ಸ್ಟೇಷನ್ನಿನ ಗಡಿಯಾರ

ಪಾಠ ಹೇಳುವ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕರೆ ನಾನು ಒಂದು ಮಾತು ತಪ್ಪದೆ ಹೇಳುತ್ತೇನೆ, ಅವರು ಕೇಳಲಿ ಬಿಡಲಿ. ತಪಾಸಣೆಗೆ ಬಂದವರ ಎದುರು ಪಾಠ ಮಾಡುವಾಗ ಯಾರಿಗೆ ಮಾಡುತ್ತಿದ್ದೀರಿ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ: ಬೆಂಚಿನ ಮೇಲಿನ ಹುಡುಗರಿಗೋ, ಹಿಂದೆ ಕುರ್ಚಿ ಹಾಕಿಕೊಂಡು ಕೂತ ಅಧಿಕಾರಿಗಳಿಗೋ. ಎರಡೂ ಕೈಗೆ ಹತ್ತುವುದಿಲ್ಲ. ಇದು ನಾನು ಓದಿ ತಿಳಿದದ್ದಲ್ಲ, ಒಬ್ಬರು ನನ್ನ ಕಣ್ಣೆದುರಿಗೇ ಕೆಲಸ ಕಳೆದುಕೊಂಡದ್ದರಿಂದ ತಿಳಿದದ್ದು.

ನಾನು ಹುಟ್ಟಿದ್ದು ಕಮಲಾಪುರದ ಕಡೆ. ಹುಡುಗನಿದ್ದಾಗಲೇ ಕಲಬುರಗಿಗೆ ಬಂದು, ಈಗ ನೆಹರು ಗಂಜ್ ಅನ್ನುವ ಪೇಟೆಯಲ್ಲಿ ತೊಗರಿ ಚೀಲ ಹೊತ್ತು, ಅಳೆಯುವುದು ಕಲಿತು, ದಲಾಲರ ನಡುವೆ ಬಾಯಿ ಮಾಡುವುದು ಕಲಿತು, ಹಂಗೂ ಹಿಂಗೂ ಮೆಟ್ರಿಕ್ ಮುಗಿಸಿದೆ. ಇಂಟರ್ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಗೆ ಸಹಾಯಕನಾಗಿ ನನ್ನನ್ನು ತೆಗೆದುಕೊಂಡದ್ದು ನನ್ನ ಅಂಕ ನೋಡಿ ಅಲ್ಲ. ಗಾಜಿನ ನಳಿಗೆ, ತಾಮ್ರದ ತಂತಿಗಳನ್ನು ಹೈದರಾಬಾದಿನ ಅಂಗಡಿಗಳಲ್ಲಿ ನನ್ನಷ್ಟು ಅಗ್ಗಕ್ಕೆ ಬೇರೆ ಯಾರೂ ತರುತ್ತಿರಲಿಲ್ಲ. ಇಂಟರ್ ಅಂದರೆ ಈಗಿನ ಪಿಯುಸಿ ಅಂತ ತಿಳಿಯಿರಿ. ಹುಡುಗರು ಅದೇ ವಯಸ್ಸಿನವರು, ಅಷ್ಟೇ ತುಂಟರು.

ಅಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರನ್ನು ನಾವೆಲ್ಲ ಸಾಹೇಬ್ರು ಅನ್ನುತ್ತಿದ್ದೆವು. ಕಲಬುರಗಿಯಲ್ಲೇ ಹುಟ್ಟಿ ಬೆಳೆದ ಮುಸಲ್ಮಾನರು, ನಲವತ್ತು ದಾಟಿದವರು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ. ಓದಿದ್ದೆಲ್ಲ ಉರ್ದುವಿನಲ್ಲಿ, ಯಾಕೆಂದರೆ ನಿಜಾಮರ ಕಾಲದಲ್ಲಿ ಮೇಲಿನ ಓದೆಲ್ಲ ಉರ್ದುವಿನಲ್ಲೇ ಇತ್ತು. ವೇಗಕ್ಕೆ ರಫ್ತಾರ್, ಬೆಳಕಿಗೆ ರೋಶನಿ ಅನ್ನುತ್ತಲೇ ಅವರು ಹದಿನೈದು ವರ್ಷ ಪಾಠ ಹೇಳಿದ್ದರು. ಹುಡುಗ ಮುಖ ಗಂಟು ಹಾಕಿದರೆ ಅದೇ ಮಾತನ್ನು ಕನ್ನಡಕ್ಕೆ ಹೊರಳಿಸುತ್ತಿದ್ದರು. ಇಂಗ್ಲಿಷ್ ಓದಬಲ್ಲರು, ಬರೆಯಬಲ್ಲರು. ಮಾತಾಡಲು ನಿಂತರೆ ಮಾತ್ರ ಕಲ್ಲಿನ ಮೇಲೆ ಚಕ್ಕಡಿ ಹೋದ ಹಾಗೆ.

ಪೊಲೀಸ್ ಆ್ಯಕ್ಷನ್ ಆಯಿತು, ಭಾರತದ ಫೌಜು ಬಂದು ನಿಜಾಮರ ರಾಜ್ಯ ಮುಗಿಯಿತು. ಅದಕ್ಕೂ ಮುಂಚೆ ನಿಜಾಮರ ಕಡೆಯ ರಜಾಕಾರರ ಕೈಯಲ್ಲಿ ಸತ್ತವರು ಸತ್ತಿದ್ದರು, ಅದಾದ ಮೇಲಿನ ದಿನಗಳಲ್ಲಿ ಸೇಡಿಗೆ ಸತ್ತವರೂ ಸತ್ತರು. ಸಾಹೇಬ್ರ ಅಣ್ಣ ಹಳ್ಳಿಯಲ್ಲಿದ್ದವರು, ಆ ಎರಡನೆಯ ಲೆಕ್ಕದಲ್ಲಿ ಹೋದರು. ಹೆಣ ಸಿಗಲಿಲ್ಲ. ಅವರ ಕಡೆಯವರು ಕೆಲವರು ಕರಾಚಿಗೆ ಹೋದರು. ಸಾಹೇಬ್ರು ಹೋಗಲಿಲ್ಲ. ಮೂವರು ಹೆಣ್ಣುಮಕ್ಕಳು, ಬಾಡಿಗೆ ಮನೆ. ಅವರ ಕೈಯಲ್ಲಿ ಉಳಿದಿದ್ದದ್ದು ಕಾಲೇಜಿನ ಕೆಲಸ ಒಂದೇ.

ಅದಕ್ಕೂ ಸಂಚಕಾರ ಬಂತು. ಇನ್ನು ಮುಂದೆ ಪಾಠವೆಲ್ಲ ಇಂಗ್ಲಿಷಿನಲ್ಲಿ ಅಂತ ಹುಕುಂ ಆಯಿತು. ಉರ್ದುವಿನಲ್ಲಿ ಕಲಿತವರು ಇಬ್ಬರು ಅಧಿಕಾರಿಗಳ ಎದುರು ಒಂದು ಮಾದರಿ ಪಾಠ ಮಾಡಬೇಕು, ಪಸಂದಾದರೆ ಕೆಲಸ, ಇಲ್ಲದಿದ್ದರೆ ಮನೆ. ಪಾಠದ ವಿಷಯ ಹೈದರಾಬಾದಿನಿಂದ ಬರುತ್ತಿತ್ತು. ಜಪಾನಿನ ಮೇಲೆ ಅಣುಬಾಂಬು ಬಿದ್ದಾಗಿನಿಂದ ಹೊಸ ಭೌತಶಾಸ್ತ್ರದ ಹುಚ್ಚು ಎಲ್ಲರಿಗೂ ಹಿಡಿದಿತ್ತಲ್ಲ, ಅಲ್ಲಿಯ ದೊಡ್ಡ ಪ್ರೊಫೆಸರರೊಬ್ಬರು ಸಾಹೇಬ್ರಿಗೆ ಆರಿಸಿ ಕಳಿಸಿದ ವಿಷಯ, ಬೆಳಕಿನ ವೇಗ ಯಾರು ಅಳೆದರೂ ಒಂದೇ ಯಾಕೆ, ಓಡುವ ಗಡಿಯಾರ ನಿಧಾನ ಹೇಗೆ ಎಂಬುದು. ನಮ್ಮ ಪಠ್ಯದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ನಾನು ಸಾಹೇಬ್ರಿಗೆ ಹೇಳಿದೆ, ಇದು ಪಾಠ ಅಲ್ಲ, ಗಂಜಿನ ಹರಾಜು, ಸರಕು ಚೊಕ್ಕಟಾಗಿ ಕಟ್ಟಿ ಇಡೋಣ. ದಿನಾ ಕಾಲೇಜು ಬಿಟ್ಟ ಮೇಲೆ ಪ್ರಯೋಗಶಾಲೆಯಲ್ಲಿ ತಾಲೀಮು ಸುರುವಾಯಿತು. ನಾನು ಹುಡುಗರ ಜಾಗದಲ್ಲಿ ಕೂರುವುದು, ಅವರು ಹೇಳುವುದು.

ಮೊದಲ ದಿನವೇ ನಾನು ಅವರನ್ನು ತಡೆದೆ. ಅವರು ಹೇಳಿದ್ದು ಇಷ್ಟು: ಮುಂಬೈ ಕಡೆಯಿಂದ ಮದ್ರಾಸಿಗೆ ಹೋಗುವ ಮೇಲ್ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದೆ ಓಡುತ್ತಿದೆ ಅನ್ನಿ. ಗಾಡಿಯೊಳಗಿನವನು ಮುಂದಕ್ಕೆ ಒಂದು ಕಲ್ಲು ಒಗೆದರೆ, ಪ್ಲಾಟ್‌ಫಾರ್ಮಿನವನ ಕಣ್ಣಿಗೆ ಕಲ್ಲಿನ ವೇಗಕ್ಕೆ ಗಾಡಿಯ ವೇಗವೂ ಕೂಡುತ್ತದೆ. ಅದೇ ಅವನು ಬ್ಯಾಟರಿ ಹಾಕಿದರೆ, ಆ ಬೆಳಕಿಗೆ ಗಾಡಿಯ ವೇಗ ಕೂಡುವುದಿಲ್ಲ. ಗಾಡಿಯವನು ಅಳೆದರೂ ಸೆಕೆಂಡಿಗೆ ಒಂದು ಲಕ್ಷ ಎಂಬತ್ತಾರು ಸಾವಿರ ಮೈಲಿ, ಪ್ಲಾಟ್‌ಫಾರ್ಮಿನವನು ಅಳೆದರೂ ಅಷ್ಟೇ.

ಇದು ನನಗೆ ನುಂಗಲಾಗಲಿಲ್ಲ. ಗಾಡಿಯ ಜೋರು ಎಲ್ಲಿ ಹೋಯಿತು, ಯಾರು ತಿಂದರು ಅಂತ ಕೇಳಿದೆ. ಯಾರೂ ತಿನ್ನಲಿಲ್ಲ, ಅಳೆದು ಅಳೆದು ನೋಡಿದ್ದಾರೆ, ಬೆಳಕು ಹಾಗೇ ಇದೆ, ಅದನ್ನು ಒಪ್ಪಿಕೊಂಡು ಮುಂದೆ ಏನಾಗುತ್ತದೆ ನೋಡು ಅಂದರು.

ಮುಂದೆ ಆದದ್ದು ಚಂದ ಇತ್ತು. ನಾನು ಒಂದು ಹಲಗೆಯ ಗಾಡಿ ಮಾಡಿಸಿದ್ದೆ. ಅದರ ನೆಲಕ್ಕೊಂದು ಕನ್ನಡಿ, ಚಾವಣಿಗೊಂದು ಕನ್ನಡಿ. ಬೆಳಕು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಪುಟಿಯುತ್ತಾ ಇರುತ್ತದೆ, ಒಂದೊಂದು ಪುಟಿತವೂ ಗಡಿಯಾರದ ಒಂದೊಂದು ಟಿಕ್ಕು. ಗಾಡಿಯೊಳಗೆ ಕೂತವನಿಗೆ ಬೆಳಕು ನೆಟ್ಟಗೆ ಮೇಲೆ ಹೋಗುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಹಾಗಲ್ಲ, ಬೆಳಕು ಮೇಲೆ ಮುಟ್ಟುವಷ್ಟರಲ್ಲಿ ಗಾಡಿ ಮುಂದೆ ಸರಿದಿರುತ್ತದೆ, ಹಾಗಾಗಿ ಬೆಳಕಿನ ದಾರಿ ಓರೆ. ಓರೆ ದಾರಿ ಉದ್ದ. ಬೆಳಕಿನ ವೇಗವೋ ಇಬ್ಬರಿಗೂ ಒಂದೇ. ಅದೇ ವೇಗದಲ್ಲಿ ಉದ್ದದ ದಾರಿ ನಡೆಯಬೇಕಾದರೆ ಹೆಚ್ಚು ಹೊತ್ತು ಬೇಕು. ಅಂದಮೇಲೆ ಪ್ಲಾಟ್‌ಫಾರ್ಮಿನವನ ಲೆಕ್ಕದಲ್ಲಿ ಗಾಡಿಯ ಒಂದು ಟಿಕ್ಕು ತನ್ನ ಟಿಕ್ಕಿಗಿಂತ ದೊಡ್ಡದು, ಗಾಡಿಯ ಗಡಿಯಾರ ನಿಧಾನ.

ಅವರು ಕರಿಹಲಗೆಯ ಮೇಲೆ ಮೂರು, ನಾಲ್ಕು, ಐದರ ತ್ರಿಕೋನ ಎಳೆದರು. ಗಾಡಿ ಬೆಳಕಿನ ವೇಗದ ಐದರಲ್ಲಿ ಮೂರು ಪಾಲು ವೇಗದಲ್ಲಿ ಓಡಿದರೆ, ಚಾವಣಿಯ ಎತ್ತರ ನಾಲ್ಕು, ಗಾಡಿ ಸರಿದದ್ದು ಮೂರು, ಬೆಳಕಿನ ಓರೆ ದಾರಿ ಐದು. ಗಾಡಿಯೊಳಗೆ ನಾಲ್ಕಾದಾಗ ಹೊರಗೆ ಐದು. ಅಂಥ ಗಾಡಿ ಎಲ್ಲೂ ಇಲ್ಲ, ನಮ್ಮ ಮೇಲ್ ಗಾಡಿಯಲ್ಲಿ ಈ ಫರಕು ಯಾವ ಗಡಿಯಾರಕ್ಕೂ ಸಿಗದಷ್ಟು ಸಣ್ಣದು ಅಂತಲೂ ಹೇಳಿದರು. ಪೈಥಾಗೊರಸ್ ಗೊತ್ತಿರುವ ಹುಡುಗನಿಗೆ ಇದಕ್ಕಿಂತ ಸಲೀಸು ಮತ್ತೇನು ಬೇಕು?

ನಾನು ಖುಷಿಯಾಗಿ ಗಂಜಿನ ಒಂದು ಹೋಲಿಕೆ ಕೊಟ್ಟೆ. ಸಾಹೇಬ್ರ, ಇದು ನಮ್ಮ ಸೇರಿನ ಹಂಗ ಅದ. ಒಂದು ಪ್ಯಾಟಿಯ ಸೇರು ದೊಡ್ಡದು, ಇನ್ನೊಂದು ಪ್ಯಾಟಿಯ ಸೇರು ಸಣ್ಣದು. ಗಾಡಿಯ ಹೊತ್ತು ಒಂದು ಸೇರು, ಸ್ಟೇಷನ್ನಿನ ಹೊತ್ತು ಇನ್ನೊಂದು ಸೇರು. ಅಷ್ಟು ಹೇಳಿ ಮುಗಿಸಿಬಿಡ್ರಿ.

ಅವರು ಒಪ್ಪಲಿಲ್ಲ. ಗಾಡಿಯೊಳಗಿನವನು ಕಿಟಕಿಯಿಂದ ನೋಡಿದರೆ ತಾನು ನಿಂತಿದ್ದೇನೆ, ಸ್ಟೇಷನ್ನೇ ಹಿಂದಕ್ಕೆ ಓಡುತ್ತಿದೆ ಅನ್ನುತ್ತಾನೆ. ಅವನ ಲೆಕ್ಕದಲ್ಲಿ ಸ್ಟೇಷನ್ನಿನ ಗಡಿಯಾರವೇ ನಿಧಾನ. ನಿನ್ನ ಸೇರಿನಲ್ಲಿ ಇದು ಬರುವುದಿಲ್ಲ ಅಂದರು.

ಅಧಿಕಾರಿಗಳಿಗೆ ಅಷ್ಟು ಆಳ ಬೇಡ, ಯಾರಾದರೂ ಕೇಳಿದರೆ ಗಾಡಿಯದು ನಿಧಾನ ಅಂತ ಒಂದೇ ದರ ಹೇಳಿ, ಎರಡು ದರ ಹೇಳುವ ವ್ಯಾಪಾರಿಯನ್ನು ಯಾರೂ ನಂಬುವುದಿಲ್ಲ ಅಂದೆ. ಅವರು ಕರಿಹಲಗೆ ಒರೆಸತೊಡಗಿದರು. ಒಪ್ಪಿದರು ಅಂತ ನಾನು ತಿಳಿದೆ. ತಾವೇ ಬರೆದಿಟ್ಟುಕೊಂಡ ಇಂಗ್ಲಿಷ್ ವಾಕ್ಯಗಳನ್ನು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಹೇಳಿಕೊಳ್ಳುತ್ತಾರೆ ಅಂತ ಅವರ ದೊಡ್ಡ ಮಗಳು ಬುತ್ತಿ ಕೊಡಲು ಬಂದಾಗ ಹೇಳಿದಳು. ನಗುತ್ತಾ ಹೇಳಲಿಲ್ಲ.

ಈಗ ಒಬ್ಬ ಹುಡುಗನ ವಿಷಯ ಹೇಳಬೇಕು. ಮಹಾಗಾಂವದವನು, ಜೋಳ ತೊಗರಿ ಬೆಳೆಯುವ ಲಿಂಗಾಯತರ ಮನೆ. ರಜಾಕಾರರು ಆ ಮನೆಗೆ ಬೆಂಕಿ ಇಟ್ಟಾಗ ಅವನ ಅಣ್ಣ ಒಳಗಿದ್ದ. ಮಾಸ್ತರರು ಒಳಗೆ ಬಂದರೆ ಹುಡುಗರೆಲ್ಲ ಎದ್ದು ನಿಲ್ಲುವುದು ನಮ್ಮ ಕಾಲೇಜಿನ ಪದ್ಧತಿ. ಸಾಹೇಬ್ರು ಬಂದಾಗ ಇವನು ಏಳುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲೇ ಕೂತು, ಏಳದೆ, ಹಲಗೆಯ ಮೇಲಿನದನ್ನು ಚಾಚೂ ತಪ್ಪದೆ ಬರೆದುಕೊಳ್ಳುತ್ತಿದ್ದ. ಬೇರೆ ಹುಡುಗರು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಸಾಹೇಬ್ರು ಒಂದು ದಿನವೂ ಕೇಳಲಿಲ್ಲ. ನಾನೇ ತಡೆಯದೆ ಒಮ್ಮೆ ಬಾಯಿ ಬಿಟ್ಟಾಗ, ಅಂವ ಬರ್ತಾನಲ್ಲ ತಮ್ಮಾ, ಸಾಕು ಅಂದಿದ್ದರು.

ಅಧಿಕಾರಿಗಳು ಬಂದು ಐವಾನ್-ಎ-ಶಾಹಿಯ ಅತಿಥಿಗೃಹದಲ್ಲಿ ಇಳಿದರು. ಪ್ರೊಫೆಸರರು ಬರಲಿಲ್ಲ, ಮೈ ಸರಿಯಿಲ್ಲವಂತೆ. ಬಂದ ಇಬ್ಬರಲ್ಲಿ ಒಬ್ಬರು ಇತಿಹಾಸ ಓದಿದವರು, ಇನ್ನೊಬ್ಬರು ಕಚೇರಿಯವರು. ಕೆಟ್ಟವರಲ್ಲ. ಅವರಿಗೆ ಕೊಟ್ಟ ಕೆಲಸ ಎರಡೇ: ಇಂಗ್ಲಿಷಿನಲ್ಲಿ ಹೇಳುತ್ತಾನೋ, ಹುಡುಗರಿಗೆ ನಿಖರವಾಗಿ ಹೇಳುತ್ತಾನೋ. ಪ್ರೊಫೆಸರರು ಬಂದಿಲ್ಲ ಅಂದಾಗ ನನಗೆ ಹಾಯೆನಿಸಿತು. ಸರಕು ಬಲ್ಲ ಗಿರಾಕಿಗಿಂತ ಅರಿಯದ ಗಿರಾಕಿ ವಾಸಿ ಅಂತ ನನ್ನ ಗಂಜಿನ ಬುದ್ಧಿ. ಅಲ್ಲೇ ನಾನು ಲೆಕ್ಕ ತಪ್ಪಿದ್ದು. ಸರಕು ಬಲ್ಲವನೊಬ್ಬ ಇದ್ದಿದ್ದರೆ ಆಮೇಲೆ ಆದದ್ದು ಆಗುತ್ತಿರಲಿಲ್ಲ.

ಪಾಠ ಚಲೋ ಸುರುವಾಯಿತು. ಸಾಹೇಬ್ರು ಶೇರ್ವಾನಿಗೆ ಇಸ್ತ್ರಿ ಮಾಡಿಸಿದ್ದರು. ಬಾಯಿಪಾಠದ ಇಂಗ್ಲಿಷ್ ಒಂದೇ ದನಿಯಲ್ಲಿ ಬಂತು, ಆದರೆ ಬಂತು. ನಾನು ಹಲಗೆಯ ಗಾಡಿ ತಳ್ಳಿದೆ. ತ್ರಿಕೋನ ಎಳೆದರು. ನಾಲ್ಕು, ಐದು ಬಂತು. ಇತಿಹಾಸದವರು ತಲೆ ಆಡಿಸಿದರು. ಕಚೇರಿಯವರು ಗಡಿಯಾರ ನೋಡಿಕೊಂಡರು. ಇನ್ನು ಪುಸ್ತಕ ಮುಚ್ಚಿದರೆ ಮುಗಿಯಿತು ಅನ್ನುವಷ್ಟರಲ್ಲಿ ಮಹಾಗಾಂವದ ಹುಡುಗ ಎದ್ದು ನಿಂತ.

ಅವನು ಎದ್ದದ್ದು ನೋಡಿ ಇಡೀ ವರ್ಗ ಅವನತ್ತ ತಿರುಗಿತು. ಅವನಿಗೆ ಇಂಗ್ಲಿಷ್ ಮಾತಾಡಲು ಬಾರದು. ಕನ್ನಡದಲ್ಲೇ ಕೇಳಿದ:

"ಸಾಹೇಬ್ರ, ಗಾಡ್ಯಾಗ ಇದ್ದಂವನೂ ತಾ ನಿಂತೀನಿ ಅಂತಾನಲ್ರೀ. ಅಂವ ಹೊರಗಿನ ಗಡಿಯಾರ ನೋಡಿದ್ರ ಏನ ಹೇಳ್ತಾನ? ಖರೇ ಅಂದ್ರ ಯಾರ ಗಡಿಯಾರ ಹಿಂದ ಬಿದ್ದದ?"

ಕುಚೋದ್ಯದ ಪ್ರಶ್ನೆ ಅಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ತ್ರಿಕೋನ ಅವನ ತಲೆಯೊಳಗೆ ಕೂತು ತಿರುಗುತ್ತಿತ್ತು. ನಾನು ಗಾಡಿಯ ಹಿಂದಿನಿಂದ ಸಾಹೇಬ್ರಿಗೆ ಕಣ್ಣಲ್ಲೇ ಹೇಳಿದೆ, ಗಾಡಿಯದು ಅನ್ನಿ, ಇಂಗ್ಲಿಷಿನಲ್ಲಿ ಅನ್ನಿ, ಮುಗಿಸಿ. ಅವರು ನನ್ನನ್ನು ನೋಡಿದರು. ಹಿಂದಿನ ಕುರ್ಚಿಗಳನ್ನು ನೋಡಿದರು. ಆಮೇಲೆ ಬೆಂಚಿನ ಹತ್ತಿರ ಬಂದು ಹುಡುಗನಿಗೆ ಕನ್ನಡದಲ್ಲೇ ಹೇಳಿದರು:

"ಚಲೋ ಕೇಳಿದಿ. ಹೊರಗಿನಂವ ಗಾಡಿ ಗಡಿಯಾರ ನಿಧಾನ ಅಂತಾನ. ಗಾಡ್ಯಾಗಿನಂವ ಹೊರಗಿನ ಗಡಿಯಾರ ನಿಧಾನ ಅಂತಾನ. ಇಬ್ಬರೂ ಖರೇನ ಹೇಳಾಕತ್ತಾರ. ಒಬ್ಬಂವನೂ ಸುಳ್ಳ ಹೇಳವಲ್ಲ."

ಹುಡುಗ, ಅದು ಹ್ಯಾಂಗ್ರೀ ಅಂದ. ಸಾಹೇಬ್ರು ಹೇಳಲು ಸುರುಮಾಡಿದರು. ಹಿಂದಿನಿಂದ ಇತಿಹಾಸದವರು ಇಂಗ್ಲಿಷಿನಲ್ಲಿ ತಡೆದು, ವಿದ್ಯಾರ್ಥಿ ಒಂದು ನೇರ ಪ್ರಶ್ನೆ ಕೇಳಿದ್ದಾನೆ, ನೇರ ಉತ್ತರ ಕೊಡಿ, ಯಾವ ಗಡಿಯಾರ, ಅಂದರು. ಸಾಹೇಬ್ರು ಇಂಗ್ಲಿಷಿಗೆ ತಿರುಗಿದರು. ಈ ಮಾತಿಗೆ ಅವರು ವಾಕ್ಯ ಕಲಿತಿರಲಿಲ್ಲ. ಕಲಿಯಬೇಡಿ ಅಂದವನು ನಾನೇ ಇದ್ದೆನಲ್ಲ. ಎರಡೂ, ಎರಡೂ ಅಂತ ಎರಡು ಸಲ ಅಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ಸಂಜೆ ನಾನು ಐವಾನ್-ಎ-ಶಾಹಿಗೆ ಹೋದೆ. ಚೌಕಾಸಿ ಮಾಡಿ ಬದುಕಿದವನು, ಮನುಷ್ಯನ ಎದುರು ಕೂತರೆ ಏನಾದರೂ ಹುಟ್ಟುತ್ತದೆ ಅಂತ ನನ್ನ ನಂಬಿಕೆ. ಇತಿಹಾಸದವರು ಒಳಗೆ ಕರೆದು ಚಹಾ ಕೊಟ್ಟರು. ಸಾಹೇಬ್ರ ಮೂರು ಮಕ್ಕಳ ಮಾತು ತೆಗೆದೆ, ಅವರ ಕೈಯಲ್ಲಿ ಪಾಸಾದ ಹುಡುಗರ ಮಾತು ತೆಗೆದೆ, ಆರು ತಿಂಗಳ ಗಡುವು ಕೊಡಿ, ಮತ್ತೊಂದು ಪಾಠ ನೋಡಿ ಅಂದೆ. ಅವರು ಸಿಟ್ಟಾಗಲಿಲ್ಲ.

"ನೋಡಪಾ," ಅಂದರು, "ಇಂಗ್ಲಿಷ್ ಬಿಡು, ಕಲೀತಾರ. ಹುಡುಗ ಖರೇ ಯಾವುದು ಅಂತ ಕೇಳ್ಯಾನ. ಅವರಿಗೆ ಒಂದು ಮಾತು ಹೇಳಾಕ ಬರಲಿಲ್ಲ. ಇಬ್ಬರದೂ ಖರೇ ಅಂದ್ರ ಅದು ಪಾಠ ಏನು? ನುಣಚಿಕೊಳ್ಳೋದು ಅದು."

ಆ ಮಾತು ತಪ್ಪು ಅಂತ ನಾನು ಹೇಳಬೇಕಿತ್ತು. ಹೇಳಲು ನನಗೂ ಗೊತ್ತಿರಲಿಲ್ಲ. ತಾಲೀಮಿನಲ್ಲಿ ಅಷ್ಟು ದಿನ ಕೂತಿದ್ದರೂ ನನ್ನ ಮನಸ್ಸಿನಲ್ಲಿ ಗಾಡಿಯ ಸೇರು ಒಂದು ಕಡೆ, ಸ್ಟೇಷನ್ನಿನ ಸೇರು ಇನ್ನೊಂದು ಕಡೆ, ಅಷ್ಟೇ ಇತ್ತು. ಸರಕು ತಿಳಿಯದೆ ಚೌಕಾಸಿಗೆ ಕೂರಬೇಡಿ. ಎದುರಿನವನು ಒಂದು ಮಾತು ಕೇಳಿದರೆ ಅಂಗಡಿ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

ಸಾಹೇಬ್ರನ್ನು ತೆಗೆದರು. ಬಾಡಿಗೆ ಮನೆ ಬಿಟ್ಟು ಅವರು ಕಮಲಾಪುರಕ್ಕೆ ಹೋದರು, ಹೆಂಡತಿಯ ತಮ್ಮನದು ಅಲ್ಲಿ ಕೆಂಪು ಬಾಳೆಯ ತೋಟ ಇತ್ತು. ಅವರ ಜಾಗಕ್ಕೆ ಹೊರಗಿನಿಂದ ಒಬ್ಬರು ಬರುತ್ತಾರೆ ಅಂತ ಸುದ್ದಿ ಇತ್ತು, ಇನ್ನೂ ಬಂದಿರಲಿಲ್ಲ. ಮೇಲ್ಮನವಿಗೆ ದಾರಿ ಇದೆ ಅಂತ ಕಚೇರಿಯ ಗುಮಾಸ್ತನೊಬ್ಬನಿಂದ ತಿಳಿದುಕೊಂಡು ನಾನೇ ಒಂದು ಅರ್ಜಿ ಬರೆಸಿದೆ. ಅದರ ನಡುವೆ ಒಂದು ವಾಕ್ಯ ಇಟ್ಟಿದ್ದೆ: ಗಾಡಿಯ ಗಡಿಯಾರವೇ ನಿಧಾನ ಎಂಬುದು ಸರಿಯಾದ ಉತ್ತರ, ಭಾಷೆಯ ಗಾಬರಿಯಲ್ಲಿ ಬೇರೆ ಹೇಳಿದೆ, ಕ್ಷಮಿಸಬೇಕು. ಆ ವಾಕ್ಯ ಇಲ್ಲದೆ ಅರ್ಜಿಗೆ ಬೆಲೆ ಇಲ್ಲ ಅಂತ ಗುಮಾಸ್ತನೂ ಹೇಳಿದ್ದ. ಅದನ್ನು ಹಿಡಿದು ಕಮಲಾಪುರದ ಬಸ್ಸು ಹತ್ತಿದೆ.

ಸಾಹೇಬ್ರು ತೋಟದಲ್ಲಿ ಗೊನೆಗಳಿಗೆ ಒಣ ಎಲೆ ಸುತ್ತುತ್ತಿದ್ದರು. ಗಡ್ಡ ಬೆಳೆದಿತ್ತು. ಭಾವಮೈದುನ ದೂರದಿಂದಲೇ, ಮಾಸ್ತರ್ರು ಗೊನೆಗೂ ಪಾಠ ಹೇಳಾಕತ್ತಾರ, ಅದಕ ಅವು ಹಣ್ಣಾಗವಲ್ಲವು ಅಂತ ಕೂಗಿದ. ಸಾಹೇಬ್ರು ನಕ್ಕ ಹಾಗೆ ಮಾಡಿದರು. ಅರ್ಜಿ ಓದಿದರು. ಆ ವಾಕ್ಯದ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು:

"ಇದು ಖರೇ ಅಂತ ನಿನಗ ಅನಸ್ತದೇನು ತಮ್ಮಾ, ಇಲ್ಲಾ ನೌಕರಿಗೋಸ್ಕರ ಬರಿಸೀಯೋ?"

ಎರಡೂ ಅಂದೆ. ನನಗೆ ಅನಿಸಿದ್ದೇ ಅದು.

ಅವರು ಅರ್ಜಿಯನ್ನು ಮಡಚಿ ಕಲ್ಲಿನ ಕೆಳಗಿಟ್ಟು, ಒಂದು ಕಡ್ಡಿ ತೆಗೆದುಕೊಂಡು ನೆಲಕ್ಕೆ ಕೂತರು. ಎರಡು ಗೆರೆ ಹಾಕಿದರು, ಇದು ಕಲಬುರಗಿ ಸ್ಟೇಷನ್, ಇದು ಮುಂದಿನ ಸ್ಟೇಷನ್. ಎರಡರಲ್ಲೂ ಒಂದೊಂದು ಗಡಿಯಾರ. ಗಾಡಿಯಲ್ಲಿ ಒಂದೇ ಗಡಿಯಾರ. ಗಾಡಿ ಕಲಬುರಗಿ ದಾಟುವಾಗ ಅಲ್ಲಿಯದೂ ಸೊನ್ನೆ, ಗಾಡಿಯದೂ ಸೊನ್ನೆ. ಮುಂದಿನ ಸ್ಟೇಷನ್ ದಾಟುವಾಗ ಗಾಡಿಯದು ನಾಲ್ಕು, ಸ್ಟೇಷನ್ನಿನದು ಐದು. ಇದನ್ನು ಇಬ್ಬರೂ ಕಣ್ಣಾರೆ ನೋಡುತ್ತಾರೆ, ಇದರಲ್ಲಿ ತಕರಾರಿಲ್ಲ. ಸ್ಟೇಷನ್ನಿನವರು, ನೋಡ್ರಿ, ಗಾಡಿಯದು ನಿಧಾನ ಅಂತಾರೆ. ಅವರು ಹಾಗೆ ಅನ್ನುವುದು ಯಾವ ಧೈರ್ಯದ ಮೇಲೆ? ತಮ್ಮ ಎರಡೂ ಗಡಿಯಾರಗಳನ್ನು ಒಂದೇ ಹೊತ್ತಿಗೆ ಸೊನ್ನೆ ಮಾಡಿದ್ದೇವೆ ಎಂಬ ಧೈರ್ಯದ ಮೇಲೆ. ಗಾಡಿಯವನು ಅದನ್ನೇ ಒಪ್ಪುವುದಿಲ್ಲ. ಬೆಳಕಿನ ವೇಗ ಇಬ್ಬರಿಗೂ ಒಂದೇ ಆದಮೇಲೆ, ದೂರ ದೂರದ ಎರಡು ಕಡೆ 'ಒಂದೇ ಹೊತ್ತು' ಅನ್ನುವುದು ಇಬ್ಬರಿಗೂ ಒಂದೇ ಆಗಿ ಉಳಿಯುವುದಿಲ್ಲ. ಅವನ ಲೆಕ್ಕದಲ್ಲಿ ಮುಂದಿನ ಸ್ಟೇಷನ್ನಿನ ಗಡಿಯಾರ ತಾನು ಕಲಬುರಗಿ ದಾಟುವಾಗಲೇ ಒಂದೂ ಮುಕ್ಕಾಲಿಗಿಂತ ತುಸು ಹೆಚ್ಚು ಮುಂದಿತ್ತು. ತನ್ನ ನಾಲ್ಕು ಕಳೆಯುವಷ್ಟರಲ್ಲಿ ಅದು ನಡೆದದ್ದು ಮೂರರ ಮೇಲೆ ಸ್ವಲ್ಪ. ಎರಡೂ ಕೂಡಿ ಐದು. ಅಂದರೆ ಅವನಿಗೆ ಸ್ಟೇಷನ್ನಿನದೂ ನಿಧಾನವೇ.

ಗಂಜಿನಲ್ಲಿ ರೈತ ವ್ಯಾಪಾರಿಯ ಸೇರು ಕಮ್ಮಿ ಅಂತಾನೆ, ವ್ಯಾಪಾರಿ ರೈತನ ಸೇರು ಕಮ್ಮಿ ಅಂತಾನೆ, ಅಲ್ಲಿ ಒಬ್ಬ ಸುಳ್ಳ ಇದ್ದೇ ಇರುತ್ತಾನೆ. ಇಲ್ಲಿ ಯಾರೂ ಸುಳ್ಳರಲ್ಲ ಅನ್ನುವುದು ಆ ಮಣ್ಣಿನ ಗೆರೆ ನೋಡಿದ ಮೇಲೆ ನನ್ನ ತಲೆಗೆ ಹೋಯಿತು. ಅಳೆಯುವುದನ್ನೇ ಕಸುಬು ಮಾಡಿಕೊಂಡವನಿಗೆ ಅದು ಹೆದರಿಕೆಯ ವಿಷಯ.

ಬಸ್ಸಿನ ಹೊತ್ತಾಗಿತ್ತು. ಅವರು ಅರ್ಜಿ ತೆಗೆದು, ನನ್ನ ಪೆನ್ನು ಇಸಿದುಕೊಂಡು, ಆ ವಾಕ್ಯವನ್ನು ಎರಡು ಸಲ ಹೊಡೆದು ಹಾಕಿ ಕೆಳಗೆ ರುಜು ಮಾಡಿದರು.

"ಉಳದದ್ದು ಕೊಡು. ಭಾಷೆ ಬರೂದಿಲ್ಲ, ಮಕ್ಕಳು ಅವ, ಗಡುವು ಕೊಡ್ರಿ. ಅಷ್ಟು ಖರೇ ಅದ. ಇದನ್ನ ಬರದ್ರ ಆ ಹುಡುಗನ ಮುಂದ ನಾ ಸುಳ್ಳ ಆಗ್ತೇನಿ. ಎದ್ದು ನಿಂತು ಕೇಳ್ಯಾನ ಅಂವ."

ಅವರ ಮೂರು ಮಕ್ಕಳಲ್ಲಿ ನಡುವಿನವಳು ನೀರು ತಂದು ನಿಂತಿದ್ದಳು. ಅವಳನ್ನು ನೋಡಿಯಾದರೂ ನಾನು ಇನ್ನೊಂದು ಸಲ ಚೌಕಾಸಿ ಮಾಡಬೇಕಿತ್ತು. ಹೊಡೆದು ಹಾಕಿದ ಅರ್ಜಿಯನ್ನೇ ತಂದು ಕಚೇರಿಗೆ ಕೊಟ್ಟೆ. ಗುಮಾಸ್ತ ನೋಡಿ, ಇದನ್ನ ಯಾಕ ತಂದ್ರಿ ಅಂದ. ಆ ಅರ್ಜಿಗೆ ಉತ್ತರ ಬರಲೇ ಇಲ್ಲ. ಆ ಬೇಸಿಗೆಯಲ್ಲಿ ಹೊಸ ಮಾಸ್ತರರು ಬಂದರು, ಒಳ್ಳೆಯ ಇಂಗ್ಲಿಷ್, ಟಿಪ್ಪಣಿ ಬರೆಸುವವರು. ಸಾಹೇಬ್ರು ಬಾಳೆತೋಟದಲ್ಲೇ ಉಳಿದರು. ಮಾರನೆಯ ವರ್ಷ ಜ್ವರ ಬಂದು ತೀರಿಕೊಂಡರು ಅಂತ ಭಾವಮೈದುನ ಬಂದು ಹೇಳಿದ. ಮಕ್ಕಳನ್ನು ಯಾರೋ ನೆಂಟರು ಹೈದರಾಬಾದಿಗೆ ಕರೆದುಕೊಂಡು ಹೋದರಂತೆ.

ಅದಕ್ಕೂ ಮುಂಚೆ, ನಾನು ಕಮಲಾಪುರದಿಂದ ಬಂದ ವಾರದಲ್ಲೇ, ಮಹಾಗಾಂವದ ಹುಡುಗ ಪ್ರಯೋಗಶಾಲೆಗೆ ಬಂದಿದ್ದ. ಸಾಹೇಬ್ರು ಪೂರಾ ಹೇಳಲಿಲ್ಲ, ನಿಮಗೇನಾದರೂ ಗೊತ್ತೇನು ಅಂತ ಕೇಳಿದ. ನಾನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಸ್ಟೇಷನ್ ಹಾಕಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಅವನು ನನಗಿಂತ ಬೇಗ ಹಿಡಿದ. ಲೆಕ್ಕವನ್ನು ತಾನೇ ಇನ್ನೊಮ್ಮೆ ಮಾಡಿ ನೋಡಿದ.

"ಹಂಗಾದ್ರ ಅವರು ಸರೀನ ಹೇಳಿದ್ರು," ಅಂದ. "ಮತ್ತ ಯಾಕ ತಗದ್ರು?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದಕ್ಕೆ ಅಂತ. ಮೆತ್ತಗೆ ಹೇಳುವ ದಾರಿ ಇತ್ತೇನೋ, ಆಗ ನನಗೆ ತೋಚಲಿಲ್ಲ. ಅವನು ಸೀಮೆಸುಣ್ಣ ಕೆಳಗಿಟ್ಟ. ಅವನು ಇಂಟರ್ ಮುಗಿಸುವ ತನಕ ನಾನು ಅದೇ ಕಾಲೇಜಿನಲ್ಲಿದ್ದೆ. ಹೊಸ ಮಾಸ್ತರರ ವರ್ಗದಲ್ಲಿ ಅವನು ಹಿಂದಿನ ಬೆಂಚಿಗೆ ಹೋಗಿ ಕೂತ. ಬರೆಸಿದ್ದನ್ನು ಬರೆದುಕೊಂಡ, ಪಾಸಾದ, ಮತ್ತೆ ಯಾರನ್ನೂ ಏನೂ ಕೇಳಲಿಲ್ಲ.